ಕಾಶಿ ಯಾತ್ರೆಯ ತಂಡಕ್ಕೆ ರೈಲು ಮತ್ತು ವಸತಿ: ಜನರ ಲೆಕ್ಕ ಬದಲಾಗುತ್ತಲೇ ಇದ್ದಾಗ ಪದೇ ಪದೇ ಕೇಳುವ ಪ್ರಶ್ನೆಗಳು

ಮೂವತ್ತು ನಲವತ್ತು ಜನರನ್ನು ಕೂಡಿಸಿಕೊಂಡು ಕಾಶಿ, ಪ್ರಯಾಗ, ಗಯೆಗಳಿಗೆ ಹೊರಡುವವರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ಉದಾಹರಣೆಯಾಗಿ, ನಾವು ಬೆಂಗಳೂರಿನಿಂದ ಸಂಘಮಿತ್ರ ಎಕ್ಸ್‌ಪ್ರೆಸ್‌ನಲ್ಲಿ ಕರೆದುಕೊಂಡು ಹೋದ 34 ಜನರ ತಂಡವನ್ನೇ ಉದ್ದಕ್ಕೂ ಇಟ್ಟುಕೊಂಡಿದ್ದೇನೆ. ಈ ರೈಲು ದಾನಾಪುರದವರೆಗೆ ಹೋಗುತ್ತದೆ. ಕಾಶಿಗೆ ಹೋಗುವವರು ಪಂಡಿತ್ ದೀನ್ ದಯಾಳ್ ಉಪಾಧ್ಯಾಯ ಜಂಕ್ಷನ್‌ನಲ್ಲಿ, ಅಂದರೆ ಹಳೆಯ ಮುಘಲ್‌ಸರಾಯ್‌ನಲ್ಲಿ ಇಳಿಯಬೇಕು.

ಎಷ್ಟು ಜನ ಬರುತ್ತಾರೆಂಬುದು ಖಚಿತವಾಗುವ ಮೊದಲೇ ಟಿಕೆಟ್ ಮಾಡಿಸಬೇಕೇ?

ಮಾಡಿಸಲೇಬೇಕು. ಮುಂಗಡ ಕಾಯ್ದಿರಿಸುವಿಕೆ ಪ್ರಯಾಣದ ದಿನವನ್ನು ಬಿಟ್ಟು 60 ದಿನ ಮೊದಲು ತೆರೆಯುತ್ತದೆ (2024ರ ನವೆಂಬರ್ 1ಕ್ಕೆ ಮೊದಲು ಇದು 120 ದಿನವಿತ್ತು), ಮತ್ತು ಉತ್ತರ ಭಾರತದ ಕಡೆಗೆ ಹೋಗುವ ದೂರದ ರೈಲುಗಳಲ್ಲಿ ಒಂದೇ ತಂಡಕ್ಕೆ ಬೇಕಾದಷ್ಟು ಬರ್ತುಗಳು ಬಹಳ ದಿನ ಉಳಿದಿರುವುದಿಲ್ಲ. ಎಲ್ಲರೂ "ಬರುತ್ತೇವೆ" ಎಂದು ಖಚಿತಪಡಿಸುವವರೆಗೆ ಕಾದರೆ ಆ ಹೊತ್ತಿಗೆ ವೇಯ್ಟಿಂಗ್ ಲಿಸ್ಟ್ ಶುರುವಾಗಿರುತ್ತದೆ.

ಆದ್ದರಿಂದ ಬಾಯಿಮಾತಿನ ಲೆಕ್ಕವನ್ನೂ ಟಿಕೆಟ್‌ನ ಲೆಕ್ಕವನ್ನೂ ಬೇರೆಬೇರೆಯಾಗಿ ಇಟ್ಟುಕೊಳ್ಳಿ. ಮುಂಗಡ ಹಣವನ್ನೂ, ಗುರುತಿನ ಚೀಟಿಯಲ್ಲಿರುವಂತೆಯೇ ಹೆಸರು, ವಯಸ್ಸುಗಳನ್ನೂ ಕೊಟ್ಟವರನ್ನು ಮಾತ್ರ ಟಿಕೆಟ್‌ನ ಪಟ್ಟಿಗೆ ಸೇರಿಸಿ. ನಮ್ಮ ತಂಡದಲ್ಲಿ ಬರುತ್ತೇವೆ ಎಂದವರು 41 ಜನ. ಟಿಕೆಟ್ ತೆರೆಯುವ ಹತ್ತು ದಿನ ಮೊದಲು ಮುಂಗಡ ಕೊಟ್ಟವರು 34 ಜನ. ಉಳಿದ ಏಳು ಜನರಿಗಾಗಿ ಒಂದು ಬರ್ತನ್ನೂ ಕಾದಿರಿಸಲಿಲ್ಲ. ಹೆಸರು ಗೊತ್ತಿಲ್ಲದ ಪ್ರಯಾಣಿಕರಿಗಾಗಿ ಬರ್ತು ಹಿಡಿದಿಡಲು ರೈಲ್ವೆಯಲ್ಲಿ ದಾರಿಯೂ ಇಲ್ಲ.

ಒಂದು ಟಿಕೆಟ್‌ಗೆ ಆರೇ ಜನ ಎನ್ನುತ್ತಾರೆ. ಹಾಗಾದರೆ ಆರಾರು ಜನರಂತೆ ಭಾಗ ಮಾಡಿಬಿಡುವುದೇ?

ಬೇಡ. ತಂಡ ಕಟ್ಟುವವರು ಮಾಡುವ ಮೊದಲ ತಪ್ಪೇ ಇದು. ಆರು ಎಂಬುದು ಒಂದು ಪಿಎನ್‌ಆರ್‌ನಲ್ಲಿ ಇರಬಹುದಾದ ಗರಿಷ್ಠ ಮಿತಿ. ಅಷ್ಟನ್ನೂ ತುಂಬಲೇಬೇಕೆಂದು ಯಾರೂ ಹೇಳಿಲ್ಲ. ಯಾರು ಬಿಟ್ಟರೆ ಯಾರೆಲ್ಲ ಜೊತೆಯಲ್ಲೇ ಬಿಡುತ್ತಾರೋ ಅವರನ್ನು ಒಂದು ಪಿಎನ್‌ಆರ್‌ನಲ್ಲಿ ಇಡಬೇಕು. ಗಂಡನಿಗೆ ಆರೋಗ್ಯ ಕೆಟ್ಟರೆ ಹೆಂಡತಿಯೂ ಬರುವುದಿಲ್ಲ. ಮಗಳ ಪರೀಕ್ಷೆ ಮುಂದೆ ಹೋದರೆ ತಾಯಿಯೂ ಮನೆಯಲ್ಲೇ ಉಳಿಯಬಹುದು. ಮನೆಗೊಂದು ಪಿಎನ್‌ಆರ್ ಮಾಡಿದರೆ ಅಂಥ ಸಂದರ್ಭದಲ್ಲಿ ಒಂದು ಟಿಕೆಟ್ಟನ್ನು ಮುಟ್ಟಿದರೆ ಸಾಕು; ಮಿಕ್ಕವರ ಟಿಕೆಟ್‌ಗಳು ಇದ್ದಂತೆಯೇ ಇರುತ್ತವೆ. ಒಂದೇ ಪಿಎನ್‌ಆರ್‌ನಿಂದ ಒಬ್ಬಿಬ್ಬರನ್ನು ಮಾತ್ರ ತೆಗೆಯುವುದಕ್ಕೂ ಅವಕಾಶವಿದೆ, ನಿಜ. ಆದರೆ ಬೇರೆಬೇರೆ ಮನೆಯ ಆರು ಜನ ಒಂದೇ ಟಿಕೆಟ್‌ನಲ್ಲಿದ್ದಾಗ ಅವಸರದಲ್ಲಿ ಬೇರೆಯವರ ಹೆಸರಿನ ಮುಂದೆ ಗುರುತು ಹಾಕಿ ಅವರ ಖಚಿತ ಬರ್ತನ್ನೇ ಕಳೆದುಬಿಡುವ ಅಪಾಯವಿರುತ್ತದೆ, ಮತ್ತು ರದ್ದಾದ ಬರ್ತನ್ನು ಮರಳಿ ಪಡೆಯುವಂತಿಲ್ಲ.

ಇನ್ನೊಂದು ಕಾರಣ ಹಿರಿಯರ ಕೆಳಗಿನ ಬರ್ತು. 60 ತುಂಬಿದ ಪುರುಷರಿಗೂ 45 ತುಂಬಿದ ಮಹಿಳೆಯರಿಗೂ ಕೆಳಗಿನ ಬರ್ತಿನ ಪ್ರತ್ಯೇಕ ಕೋಟಾ ಇದೆ. ಐಆರ್‌ಸಿಟಿಸಿಯಲ್ಲಿ ಅದು `LOWER BERTH/SR.CITIZEN` ಎಂದು ಕಾಣಿಸುತ್ತದೆ. ಟಿಕೆಟ್‌ನಲ್ಲಿ ಒಬ್ಬರೋ ಇಬ್ಬರೋ ಇದ್ದು, ಇಬ್ಬರೂ ಅರ್ಹರಾಗಿದ್ದರೆ ಮಾತ್ರ ಈ ಕೋಟಾ ಸಿಗುತ್ತದೆ. ಹಿರಿಯ ದಂಪತಿಗಳನ್ನು ಆರು ಜನರ ಟಿಕೆಟ್‌ಗೆ ಸೇರಿಸಿದ ಕ್ಷಣವೇ ಆ ಕೋಟಾ ಕೈತಪ್ಪುತ್ತದೆ. ಮಂಡಿನೋವಿನ ಅಜ್ಜಿಗೆ ಮೇಲಿನ ಬರ್ತು ಬರುತ್ತದೆ. ಎರಡು ರಾತ್ರಿಯ ಪ್ರಯಾಣದಲ್ಲಿ ಇದು ಸಣ್ಣ ವಿಷಯವಲ್ಲ.

ನಮ್ಮ 34 ಜನರಲ್ಲಿ ಏಳು ಹಿರಿಯ ದಂಪತಿಗಳು, ತಲಾ ನಾಲ್ವರ ಮೂರು ಕುಟುಂಬಗಳು ಮತ್ತು ಒಂಟಿಯಾಗಿ ಬರುತ್ತಿದ್ದ ಎಂಟು ಮಹಿಳೆಯರು ಇದ್ದರು. ದಂಪತಿಗಳಿಗೆ ಏಳು, ಕುಟುಂಬಗಳಿಗೆ ಮೂರು, ಮಹಿಳೆಯರಿಗೆ ನಾಲ್ವರಂತೆ ಎರಡು, ಹೀಗೆ ಹೋಗುವುದಕ್ಕೆ 12 ಪಿಎನ್‌ಆರ್‌ಗಳಾದವು. ಆರಾರು ಜನರಂತೆ ಮಾಡಿದ್ದರೆ ಆರೇ ಸಾಕಾಗುತ್ತಿತ್ತು. ಆದರೆ ಎರಡು ತಿಂಗಳಲ್ಲಿ ಆದ ಬದಲಾವಣೆಗಳನ್ನು ಆ ಆರು ಟಿಕೆಟ್‌ಗಳು ತಡೆದುಕೊಳ್ಳುತ್ತಿರಲಿಲ್ಲ.

ಹನ್ನೆರಡು ಟಿಕೆಟ್‌ಗಳನ್ನು ಒಬ್ಬರೇ ಮಾಡಿಸಬಹುದೇ?

ನಿಯಮದ ಪ್ರಕಾರ ಸಾಧ್ಯ. ಸಮಯದ ಲೆಕ್ಕದಲ್ಲಿ ಕಷ್ಟ. ಆಧಾರ್ ಜೋಡಿಸದ ಐಆರ್‌ಸಿಟಿಸಿ ಖಾತೆಯಿಂದ ತಿಂಗಳಿಗೆ 12 ಟಿಕೆಟ್‌ಗಳನ್ನೂ, ಆಧಾರ್ ಜೋಡಿಸಿದ ಖಾತೆಯಿಂದ 24 ಟಿಕೆಟ್‌ಗಳನ್ನೂ ಮಾಡಬಹುದು. ನಾವು ನವೆಂಬರ್ 20ಕ್ಕೆ ಹೊರಟು 28ಕ್ಕೆ ಹಿಂತಿರುಗುವವರಿದ್ದೆವು; ಹೋಗುವ ಟಿಕೆಟ್ ಸೆಪ್ಟೆಂಬರ್ 21ಕ್ಕೂ ಬರುವ ಟಿಕೆಟ್ ಸೆಪ್ಟೆಂಬರ್ 29ಕ್ಕೂ ತೆರೆದವು. ಎರಡೂ ಒಂದೇ ತಿಂಗಳಲ್ಲಿ ಬಿದ್ದುದರಿಂದ ಒಟ್ಟು 24 ಆಯಿತು, ಅಂದರೆ ಮಿತಿಯ ಅಂಚಿಗೇ ಬಂದಿತು. ಒಂದು ಟಿಕೆಟ್ ಹೆಚ್ಚು ಬೇಕಾಗಿದ್ದರೂ ಬೇರೆ ಖಾತೆಯನ್ನು ಹುಡುಕಬೇಕಾಗುತ್ತಿತ್ತು.

ಬೆಳಗ್ಗೆ 8 ಗಂಟೆಗೆ ಕಿಟಕಿ ತೆರೆದಾಗ ಒಬ್ಬರು ಹೆಸರು ತುಂಬಿ, ಹಣ ಕಟ್ಟಿ ಮುಗಿಸುವಷ್ಟರಲ್ಲಿ ಮಿಕ್ಕ ಟಿಕೆಟ್‌ಗಳ ಬರ್ತುಗಳು ಹೋಗಿರುತ್ತವೆ. ನಾಲ್ಕು ಮನೆಯವರು ತಮ್ಮ ತಮ್ಮ ಆಧಾರ್ ಜೋಡಿಸಿದ ಖಾತೆಗಳಿಂದ ತಲಾ ಮೂರು ಟಿಕೆಟ್ ಮಾಡುವುದು ನಮಗೆ ಹೊಂದಿತು. ತೆರೆಯುವ ದಿನ ಮೊದಲ ಅವಕಾಶ ಆಧಾರ್ ದೃಢೀಕರಿಸಿದ ಖಾತೆಗಳಿಗೇ ಇರುವುದರಿಂದ ಆ ಕೆಲಸವನ್ನು ವಾರದ ಮೊದಲೇ ಮುಗಿಸಿಕೊಳ್ಳಿ. ಹೆಸರುಗಳನ್ನು ಖಾತೆಯ `Master List`ನಲ್ಲಿ ಹಿಂದಿನ ದಿನವೇ ತುಂಬಿಡಿ, ಮತ್ತು `Book only if confirm berths are allotted` ಎಂಬುದನ್ನು ಗುರುತು ಮಾಡಲು ಮರೆಯಬೇಡಿ. ಇಲ್ಲದಿದ್ದರೆ ನಾಲ್ವರಲ್ಲಿ ಇಬ್ಬರಿಗೆ ಬರ್ತು, ಇಬ್ಬರಿಗೆ ವೇಯ್ಟಿಂಗ್ ಬಂದು, ಆ ಮನೆಯವರು ಎರಡು ತಿಂಗಳು ಆತಂಕದಲ್ಲಿ ಕಳೆಯಬೇಕಾಗುತ್ತದೆ.

ಸ್ವಂತ ಖಾತೆಯಿಂದ ಬೇರೆಯವರಿಗೆ ಟಿಕೆಟ್ ಮಾಡಿ ಅದರ ಮೇಲೆ ಸೇವಾ ಶುಲ್ಕವೆಂದು ಹಣ ಪಡೆಯಬೇಡಿ. ಅನುಮತಿಯಿಲ್ಲದೆ ಟಿಕೆಟ್ ಒದಗಿಸುವ ವ್ಯವಹಾರ ನಡೆಸುವುದು 1989ರ ರೈಲ್ವೆ ಕಾಯ್ದೆಯ 143ನೇ ಸೆಕ್ಷನ್ ಪ್ರಕಾರ ಅಪರಾಧ. ಟಿಕೆಟ್ ದರವನ್ನು ಇದ್ದಷ್ಟೇ ಪಡೆದು, ಖರ್ಚುವೆಚ್ಚವನ್ನು ಯಾತ್ರೆಯ ಒಟ್ಟು ಲೆಕ್ಕದಲ್ಲಿ ಬಿಡಿಸಿ ತೋರಿಸಿ.

ಒಬ್ಬರು ಬರುವುದಿಲ್ಲವೆಂದರೆ ಅವರ ಟಿಕೆಟ್‌ನಲ್ಲಿ ಇನ್ನೊಬ್ಬರನ್ನು ಕರೆದೊಯ್ಯಬಹುದೇ?

ಅತಿ ಹೆಚ್ಚು ಕೇಳುವ ಪ್ರಶ್ನೆ ಇದು. ಅತಿ ಹೆಚ್ಚು ತಪ್ಪು ತಿಳಿವಳಿಕೆ ಇರುವುದೂ ಇಲ್ಲಿಯೇ. ಸಾಮಾನ್ಯವಾಗಿ ಸಾಧ್ಯವಿಲ್ಲ. ಖಚಿತ ಟಿಕೆಟ್ ಇರುವವರು ತಮ್ಮ ತಂದೆ, ತಾಯಿ, ಸಹೋದರ, ಸಹೋದರಿ, ಮಗ, ಮಗಳು, ಗಂಡ ಅಥವಾ ಹೆಂಡತಿಯ ಹೆಸರಿಗೆ ಮಾತ್ರ ಟಿಕೆಟ್ಟನ್ನು ಬದಲಾಯಿಸಿಕೊಳ್ಳಬಹುದು. ಅದೂ ರೈಲು ಹೊರಡುವ 24 ಗಂಟೆ ಮೊದಲು, ಬರವಣಿಗೆಯಲ್ಲಿ ಕೇಳಿಕೊಂಡು, ಒಂದೇ ಒಂದು ಸಲ. ಆನ್‌ಲೈನ್ ಟಿಕೆಟ್ ಆಗಿದ್ದರೂ ಅದರ ಮುದ್ರಿತ ಪ್ರತಿ, ಇಬ್ಬರ ಗುರುತಿನ ಚೀಟಿ ಮತ್ತು ಸಂಬಂಧವನ್ನು ತೋರಿಸುವ ದಾಖಲೆಯೊಂದಿಗೆ ಕಾಯ್ದಿರಿಸುವ ಕೌಂಟರಿಗೇ ಹೋಗಬೇಕು. ಅತ್ತೆ, ನಾದಿನಿ, ಚಿಕ್ಕಪ್ಪನ ಮಗ, ಪಕ್ಕದ ಮನೆಯವರು ಈ ಪಟ್ಟಿಯಲ್ಲಿಲ್ಲ.

ಮದುವೆಯ ದಿಬ್ಬಣಕ್ಕೂ ಮಾನ್ಯತೆ ಪಡೆದ ವಿದ್ಯಾಸಂಸ್ಥೆಯ ವಿದ್ಯಾರ್ಥಿಗಳ ಗುಂಪಿಗೂ, 48 ಗಂಟೆ ಮೊದಲು ಕೇಳಿಕೊಂಡರೆ, ಗುಂಪಿನ ಶೇಕಡಾ 10ರಷ್ಟು ಹೆಸರುಗಳನ್ನು ಬದಲಾಯಿಸಲು ಅವಕಾಶವಿದೆ. ಇದನ್ನು ಕೇಳಿದವರು ಯಾತ್ರಾ ತಂಡಕ್ಕೂ ಅನ್ವಯವಾಗುತ್ತದೆಂದು ಭಾವಿಸುತ್ತಾರೆ. ಆಗುವುದಿಲ್ಲ; ಆ ಪಟ್ಟಿಯಲ್ಲಿ ಯಾತ್ರಿಕರ ಗುಂಪಿಲ್ಲ.

ಬದಲಿ ವ್ಯಕ್ತಿಯನ್ನು ಹಾಗೆಯೇ ಹತ್ತಿಸಿದರೆ ಟಿಟಿಇ ದೃಷ್ಟಿಯಲ್ಲಿ ಅವರು ಟಿಕೆಟ್ ಇಲ್ಲದ ಪ್ರಯಾಣಿಕರು. ದಂಡ ಕಟ್ಟಿದ ಮೇಲೂ ಆ ಬರ್ತಿನ ಮೇಲೆ ಅವರಿಗೆ ಹಕ್ಕಿಲ್ಲ. ಹಿರಿಯರೊಬ್ಬರನ್ನು ಇಂಥ ಸ್ಥಿತಿಗೆ ತಳ್ಳುವ ಹೊಣೆ ತಂಡ ಕಟ್ಟಿದವರದ್ದೇ ಆಗುತ್ತದೆ.

ಆದ್ದರಿಂದ "ಒಬ್ಬರು ಹೋದರು, ಒಬ್ಬರು ಬಂದರು, ಲೆಕ್ಕ ಸರಿಯಾಯಿತು" ಎಂದು ಎಂದೂ ಬರೆದುಕೊಳ್ಳಬೇಡಿ. ರೈಲಿನ ಮಟ್ಟಿಗೆ ಹೋದವರದು ಒಂದು ರದ್ದತಿ, ಬಂದವರದು ಒಂದು ಹೊಸ ಟಿಕೆಟ್. ಎರಡನ್ನೂ ಬೇರೆ ಸಾಲಿನಲ್ಲಿ ಬರೆಯಿರಿ.

ಬಿಡುವವರ ಟಿಕೆಟ್ಟನ್ನು ಯಾವಾಗ ರದ್ದು ಮಾಡಬೇಕು?

ಅವರು ಖಚಿತವಾಗಿ ಹೇಳಿದ ದಿನವೇ. ರದ್ದತಿಯ ಕಡಿತ ಮೆಟ್ಟಿಲುಮೆಟ್ಟಿಲಾಗಿ ಏರುತ್ತದೆ: ಬಹಳ ಮೊದಲೇ ರದ್ದು ಮಾಡಿದರೆ ತಲೆಗೆ ಒಂದು ನಿಗದಿತ ಮೊತ್ತ (ಸ್ಲೀಪರ್‌ಗೆ 120 ರೂಪಾಯಿ, ಮೂರನೇ ದರ್ಜೆ ಎಸಿಗೆ 180 ರೂಪಾಯಿ ಮತ್ತು ಜಿಎಸ್‌ಟಿ), ಹೊರಡುವ ಸಮಯ ಹತ್ತಿರವಾದಂತೆ ದರದ ಕಾಲು ಭಾಗ, ಆಮೇಲೆ ಅರ್ಧ, ಕೊನೆಗೆ ಏನೂ ಮರಳುವುದಿಲ್ಲ. ಈ ಮೆಟ್ಟಿಲುಗಳ ಗಂಟೆಗಳೂ ಚಾರ್ಟ್ ಸಿದ್ಧವಾಗುವ ಸಮಯವೂ ಇತ್ತೀಚಿನ ವರ್ಷಗಳಲ್ಲಿ ಬದಲಾಗುತ್ತಿರುವುದರಿಂದ, ಟಿಕೆಟ್ ಮಾಡಿಸುವ ದಿನವೇ ಆಗಿನ ಗಂಟೆಗಳನ್ನು ನೋಡಿ ಪಟ್ಟಿಯ ಮೇಲೆ ಬರೆದಿಡಿ.

"ನೋಡೋಣ, ನಾಲ್ಕು ದಿನ ತಡೆಯಿರಿ" ಎನ್ನುವವರಿಗೆ ಆ ಗಂಟೆಗಳನ್ನೇ ತೋರಿಸಿ, ಕಾಯುವುದರ ಬೆಲೆ ಅವರದೇ ಎಂದು ಮೊದಲೇ ಹೇಳಿಬಿಡಿ. ಮರಳಿದ ಹಣ ಟಿಕೆಟ್‌ಗೆ ಹಣ ಕಟ್ಟಿದ ಖಾತೆಗೇ ಬರುತ್ತದೆ; ಅಲ್ಲಿಂದ ಸಂಬಂಧಪಟ್ಟ ಮನೆಗೆ ತಲುಪಿಸಿದ ದಿನಾಂಕವನ್ನೂ ದಾಖಲಿಸಿ. ಹೋಗುವ ಟಿಕೆಟ್ ರದ್ದು ಮಾಡಿ ಬರುವ ಟಿಕೆಟ್ಟನ್ನು ಮರೆಯುವುದು ನಾವು ಎಣಿಸುವುದಕ್ಕಿಂತ ಹೆಚ್ಚಾಗಿ ನಡೆಯುತ್ತದೆ.

ತಡವಾಗಿ ಸೇರುವವರಿಗೆ ಏನು ಹೇಳಬೇಕು?

ಇರುವ ಪಿಎನ್‌ಆರ್‌ಗೆ ಹೊಸ ಹೆಸರನ್ನು ಸೇರಿಸಲಾಗುವುದಿಲ್ಲ. ಅವರಿಗೆ ಪ್ರತ್ಯೇಕ ಟಿಕೆಟ್ಟೇ ಬೇಕು, ಬೋಗಿಯೂ ಬೇರೆಯಾಗಬಹುದು. ಎರಡೂ ಕಡೆಯ ಟಿಕೆಟ್ ಖಚಿತವಾದ ಮೇಲೆಯೇ ಅವರ ಹೆಸರನ್ನು ವಸತಿಯ ಪಟ್ಟಿಗೆ ಸೇರಿಸಿ. ವೇಯ್ಟಿಂಗ್‌ನಲ್ಲಿರುವ ಆನ್‌ಲೈನ್ ಟಿಕೆಟ್‌ನಲ್ಲಿ ಯಾರಿಗೂ ಬರ್ತು ಸಿಗದಿದ್ದರೆ ಚಾರ್ಟ್ ಆದ ಕೂಡಲೇ ಅದು ತಾನಾಗಿ ರದ್ದಾಗುತ್ತದೆ, ಅದನ್ನು ಹಿಡಿದು ಕಾಯ್ದಿರಿಸಿದ ಬೋಗಿಯನ್ನು ಹತ್ತುವಂತಿಲ್ಲ. ತತ್ಕಾಲ್ ಇದೆಯಲ್ಲ ಎಂದು ಭರವಸೆ ಕೊಡಬೇಡಿ. ಅದರಲ್ಲಿ ಒಂದು ಟಿಕೆಟ್‌ಗೆ ನಾಲ್ಕೇ ಜನ, ಮತ್ತು ಖಚಿತ ಟಿಕೆಟ್ ರದ್ದಾದರೆ ಹಣವೂ ಮರಳುವುದಿಲ್ಲ.

ವಸತಿಯವರಿಗೆ ಎಷ್ಟು ಜನ ಎಂದು ಹೇಳಬೇಕು?

ಜನರ ಸಂಖ್ಯೆಗಿಂತ ಕೊಠಡಿಗಳ ವಿಂಗಡಣೆಯನ್ನು ಹೇಳಿ. ರೈಲು ಹೆಸರುಗಳನ್ನು ಎಣಿಸುತ್ತದೆ, ವಸತಿಗೃಹ ಬಾಗಿಲುಗಳನ್ನು ಎಣಿಸುತ್ತದೆ. "34 ಜನ" ಎಂದಷ್ಟೇ ಹೇಳಿದರೆ ವ್ಯವಸ್ಥಾಪಕರು ಮೂವರಂತೆ ಲೆಕ್ಕ ಹಾಕಿ 12 ಕೊಠಡಿ ಇಟ್ಟಿರುತ್ತಾರೆ. ಅಲ್ಲಿಗೆ ಹೋದಾಗ ಹಿರಿಯ ದಂಪತಿಗಳ ಜೊತೆ ಮೂರನೆಯವರನ್ನು ಹಾಕಬೇಕಾದ ಪ್ರಸಂಗ ಬರುತ್ತದೆ. ನಮಗೂ ಬೇಕಾಗಿದ್ದದ್ದು 12 ಕೊಠಡಿಗಳೇ, ಆದರೆ ದಂಪತಿಗಳಿಗೆ ಇಬ್ಬರ ಏಳು, ಕುಟುಂಬಗಳಿಗೆ ನಾಲ್ವರ ಮೂರು, ಮಹಿಳೆಯರಿಗೆ ನಾಲ್ವರ ಎರಡು. ಸಂಖ್ಯೆ ಒಂದೇ ಆದರೂ ವ್ಯವಸ್ಥೆ ಪೂರ್ತಿ ಬೇರೆ.

ಬೆಲೆ ಕೊಠಡಿಗೋ ತಲೆಗೋ, ಯಾವ ದಿನದವರೆಗೆ ಎಷ್ಟು ಕೊಠಡಿಗಳನ್ನು ದಂಡವಿಲ್ಲದೆ ಬಿಟ್ಟುಕೊಡಬಹುದು, ಹೆಚ್ಚುವರಿ ಹಾಸಿಗೆಗೆ ಎಷ್ಟು, ದಿನದ ಲೆಕ್ಕ 24 ಗಂಟೆಯದೋ ನಿಗದಿತ ಗಂಟೆಯದೋ ಎಂಬುದನ್ನು ವಾಟ್ಸಾಪ್‌ನಲ್ಲಾದರೂ ಬರವಣಿಗೆಯಲ್ಲಿ ಪಡೆಯಿರಿ. ಕೆಲವು ಮಠ, ಧರ್ಮಶಾಲೆ, ಛತ್ರಗಳು ಮುಂಗಡವಾಗಿ ಕೊಠಡಿ ಸಂಖ್ಯೆಯನ್ನು ಕೊಡದೆ ಬಂದ ಮೇಲೆ ಹಂಚುತ್ತವೆ. ಹಿರಿಯರು ಹೆಚ್ಚಿರುವ ತಂಡಕ್ಕೆ ಅದು ಸರಿಹೋಗುವುದಿಲ್ಲವೆಂಬುದು ನನ್ನ ಅಭಿಪ್ರಾಯ. ಕಾರ್ತಿಕ ಹುಣ್ಣಿಮೆಯ ದೇವ ದೀಪಾವಳಿಯ ಸುತ್ತಮುತ್ತ ಕಾಶಿಯಲ್ಲಿ ಕೊಠಡಿ ಸಿಗುವುದೇ ಕಷ್ಟ, ಆ ದಿನಗಳನ್ನು ಪಂಚಾಂಗದಲ್ಲಿ ನೋಡಿಯೇ ತಾರೀಖು ಹಿಡಿಯಿರಿ.

ವಸತಿಯವರಿಗೆ ರೈಲಿನ ಸಂಖ್ಯೆಯನ್ನೂ ತಿಳಿಸಿ. ಒಮ್ಮೆ ನಮ್ಮ ರೈಲು ಆರು ಗಂಟೆ ತಡವಾದಾಗ, ತಂಡ ಬರಲಿಲ್ಲವೆಂದು ಒಂದು ವಸತಿಗೃಹದವರು ಎರಡು ಕೊಠಡಿಗಳನ್ನು ಬೇರೆಯವರಿಗೆ ಕೊಟ್ಟುಬಿಟ್ಟಿದ್ದರು. ಅಂದಿನಿಂದ ರೈಲು ತಡವಾದರೆ ದಾರಿಯಿಂದಲೇ ಫೋನ್ ಮಾಡುವ ಕೆಲಸವನ್ನು ಒಬ್ಬರಿಗೆ ವಹಿಸಿದ್ದೇವೆ.

ಲೆಕ್ಕ ನಿಜವಾಗಿ ಹೇಗೆ ಬದಲಾಯಿತು ಎಂಬುದನ್ನು ತೋರಿಸಬಹುದೇ?

ಟಿಕೆಟ್ ಮಾಡಿಸಿದ ಮೇಲಿನ ಎರಡು ತಿಂಗಳಲ್ಲಿ ನಮ್ಮಲ್ಲಿ ನಡೆದದ್ದು ಹೀಗೆ. ಒಂದು ಹಿರಿಯ ದಂಪತಿಗಳು ಶಸ್ತ್ರಚಿಕಿತ್ಸೆಯ ಕಾರಣದಿಂದ ಬಿಟ್ಟರು. ಒಂದು ಕುಟುಂಬದ ಮಗನಿಗೆ ಪರೀಕ್ಷೆ ಬಂದು ಅವನು ಅಜ್ಜಿಯ ಮನೆಯಲ್ಲಿ ಉಳಿದ. ಎಂಟು ಮಹಿಳೆಯರಲ್ಲಿ ಒಬ್ಬರು ಮೊಮ್ಮಗು ಹುಟ್ಟುವ ದಿನ ಹತ್ತಿರವಾದುದರಿಂದ ಹಿಂದೆ ಸರಿದರು. ಅವರ ತಂಗಿ "ಅಕ್ಕನ ಬದಲು ನಾನು ಬರುತ್ತೇನೆ" ಎಂದರು. ಇನ್ನೊಂದು ದಂಪತಿಗಳು ಹೊಸದಾಗಿ ಸೇರಿದರು. ನಾಲ್ವರು ಹೋಗಿ ಮೂವರು ಬಂದುದರಿಂದ ತಂಡ 33 ಆಯಿತು. ದೂರದಿಂದ ನೋಡಿದವರಿಗೆ ಒಬ್ಬರು ಕಡಿಮೆಯಾದರು, ಅಷ್ಟೇ.

ರೈಲಿನಲ್ಲಿ ಆದ ಕೆಲಸ ಅಷ್ಟು ಸಣ್ಣದಾಗಿರಲಿಲ್ಲ. ದಂಪತಿಗಳ ಮತ್ತು ಹುಡುಗನ ಮೂರು ಬರ್ತುಗಳನ್ನು ಎರಡೂ ಕಡೆ ರದ್ದು ಮಾಡಿದೆವು. ಸಾಕಷ್ಟು ಮೊದಲೇ ಮಾಡಿದ್ದರಿಂದ ಮೂರನೇ ದರ್ಜೆ ಎಸಿಯಲ್ಲಿ ತಲೆಗೆ 180ರಂತೆ ಒಂದು ಕಡೆಗೆ 540, ಎರಡೂ ಕಡೆಗೆ 1,080 ರೂಪಾಯಿ ಮತ್ತು ಜಿಎಸ್‌ಟಿ ಹೋಯಿತು. ತಂಗಿ ಒಡಹುಟ್ಟಿದವರಾದ್ದರಿಂದ ಅಕ್ಕನ ಟಿಕೆಟ್‌ಗಳಲ್ಲಿ ಹೆಸರು ಬದಲಾಯಿಸಲು ಕೌಂಟರಿನಲ್ಲಿ ಒಪ್ಪಿದರು. ಹೋಗುವುದಕ್ಕೂ ಬರುವುದಕ್ಕೂ ಬೇರೆಬೇರೆ ಅರ್ಜಿ ಕೊಡಬೇಕಾಯಿತು. ಆಕೆ ನಾದಿನಿಯಾಗಿದ್ದರೆ ಇದು ಆಗುತ್ತಿರಲಿಲ್ಲ. ಹೊಸ ದಂಪತಿಗಳಿಗೆ ಆ ರೈಲಿನಲ್ಲಿ ಬರ್ತು ಉಳಿದಿರಲಿಲ್ಲ. ಬಿಟ್ಟುಹೋದ ದಂಪತಿಗಳ ಎರಡು ಬರ್ತುಗಳು ವೇಯ್ಟಿಂಗ್ ಸಾಲಿನಲ್ಲಿ ಮುಂದಿದ್ದ ಅಪರಿಚಿತರಿಗೆ ಹೋದವು. ಇವರು ಬೇರೆ ದಿನದ ರೈಲಿನಲ್ಲಿ ಒಂದು ದಿನ ಮೊದಲೇ ಹೊರಟು ಕಾಶಿಯಲ್ಲಿ ಕಾದರು.

ವಸತಿಯಲ್ಲಿ ಮಾತ್ರ ಬಹುಪಾಲು ಏನೂ ಬದಲಾಗಲಿಲ್ಲ. ದಂಪತಿಗಳ ಕೊಠಡಿಗೆ ದಂಪತಿಗಳು, ಅಕ್ಕನ ಹಾಸಿಗೆಗೆ ತಂಗಿ, ನಾಲ್ವರ ಕೊಠಡಿಯಲ್ಲಿ ಮೂವರು. ಕೊಠಡಿಗಳು 12 ಇದ್ದದ್ದು 12 ಆಗಿಯೇ ಉಳಿದವು. ಹೆಚ್ಚಾದದ್ದು ಮೊದಲೇ ತಲುಪಿದ ದಂಪತಿಗಳ ಒಂದು ರಾತ್ರಿ ಮಾತ್ರ. ಹುಡುಗ ಬಿಟ್ಟರೂ ಆ ಕುಟುಂಬದ ಕೊಠಡಿಯ ಬಾಡಿಗೆ ಇಳಿಯುವುದಿಲ್ಲವೆಂಬುದನ್ನು ಅವನ ತಂದೆಗೆ ಮೊದಲೇ ತಿಳಿಸಿದ್ದರಿಂದ ಆಮೇಲೆ ಮಾತು ಬೆಳೆಯಲಿಲ್ಲ.

ಬಸ್ಸಿನ ಖರ್ಚನ್ನು ಯಾವ ಸಂಖ್ಯೆಯಿಂದ ಭಾಗಿಸಬೇಕು?

ಈಗಿರುವ ಸಂಖ್ಯೆಯಿಂದ ಭಾಗಿಸಬೇಡಿ. ಕೊನೆಗೆ ಉಳಿಯಬಹುದಾದ ಕನಿಷ್ಠ ಸಂಖ್ಯೆಯಿಂದ ಭಾಗಿಸಿ. ಪ್ರಯಾಗ, ಗಯೆಗಳಿಗೆ ಹಿಡಿದ ಬಸ್ಸಿನ ಬಾಡಿಗೆ ಜನ ಕಡಿಮೆಯಾದರೂ ಇಳಿಯುವುದಿಲ್ಲ. ಬಾಡಿಗೆ 68,000 ರೂಪಾಯಿ ಎಂದುಕೊಂಡರೆ 34 ಜನರಿಗೆ ತಲಾ 2,000. 30 ಜನರಿಗೆ ತಲಾ ಸುಮಾರು 2,270. ಮೊದಲೇ 2,270ರಂತೆ ಪಡೆದು, ಎಲ್ಲರೂ ಬಂದರೆ ಉಳಿದದ್ದನ್ನು ಮರಳಿಸುವುದು ಸುಲಭ. 2,000 ಪಡೆದು, ನಾಲ್ವರು ಬಿಟ್ಟ ಮೇಲೆ ಗಯೆಯಲ್ಲಿ ಪಿಂಡಪ್ರದಾನಕ್ಕೆ ಕುಳಿತಿರುವವರ ಹತ್ತಿರ ಇನ್ನೂ 270 ಕೊಡಿ ಎಂದು ಕೇಳುವುದು ಯಾರಿಗೂ ಹಿತವಲ್ಲ. ಬಿಡುವವರಿಗೆ ಬಸ್ಸಿನ ಪಾಲು ಯಾವ ದಿನದವರೆಗೆ ಮರಳುತ್ತದೆಂಬುದನ್ನು ಮುಂಗಡ ಪಡೆಯುವಾಗಲೇ ರಸೀದಿಯ ಮೇಲೆ ಬರೆದುಕೊಡಿ.

ಕೊನೆಯ ಎರಡು ಮೂರು ದಿನಗಳಲ್ಲಿ ಏನನ್ನು ನೋಡಬೇಕು?

ಪ್ರತಿ ಪಿಎನ್‌ಆರ್‌ನ ಸ್ಥಿತಿಯನ್ನು ಮತ್ತೆ ನೋಡಿ, ಬೋಗಿ ಮತ್ತು ಬರ್ತು ಸಂಖ್ಯೆಗಳನ್ನು ಒಂದೇ ಹಾಳೆಯಲ್ಲಿ ಬರೆದು ಎಲ್ಲರಿಗೂ ಕಳುಹಿಸಿ. ಟಿಕೆಟ್‌ನಲ್ಲಿರುವವರ ಪೈಕಿ ಒಬ್ಬರಾದರೂ ಮೂಲ ಗುರುತಿನ ಚೀಟಿಯನ್ನು ತೋರಿಸಬೇಕು. ವಸತಿಗೃಹದಲ್ಲಿ ಪ್ರತಿಯೊಬ್ಬರದ್ದೂ ಕೇಳುವುದರಿಂದ ಎಲ್ಲರೂ ಇಟ್ಟುಕೊಳ್ಳಲಿ.

ಯಾರಾದರೂ ಮುಂದಿನ ನಿಲ್ದಾಣದಲ್ಲಿ ಹತ್ತುತ್ತೇನೆ ಎಂದರೆ ಚಾರ್ಟ್ ಆಗುವ ಮೊದಲೇ ಹತ್ತುವ ನಿಲ್ದಾಣವನ್ನು ಬದಲಾಯಿಸಬೇಕು. ಇಲ್ಲದಿದ್ದರೆ ಅವರು ಬರಲಿಲ್ಲವೆಂದು ಟಿಟಿಇ ಆ ಬರ್ತನ್ನು ಆರ್‌ಎಸಿಯವರಿಗೆ ಕೊಡಬಹುದು. ನಮ್ಮ ತಂಡದ ಇಬ್ಬರು ಹೊರಡುವ ಹಿಂದಿನ ದಿನ ಮಧ್ಯಾಹ್ನ ಇದನ್ನು ಕೇಳಿದರು, ಆಗ ಇನ್ನೂ ಸಮಯವಿತ್ತು. ಚಾರ್ಟ್ ಆದ ಮೇಲೆ ಬಿಡುವವರ ಟಿಕೆಟ್ಟನ್ನು ರದ್ದು ಮಾಡಿ ಹಣ ಪಡೆಯುವ ದಾರಿ ಬಹುಪಾಲು ಮುಚ್ಚಿರುತ್ತದೆ. ಹಾಗೆ ಬಿಟ್ಟವರ ಹೆಸರನ್ನು ಆ ಗಳಿಗೆಯಲ್ಲೇ ವಸತಿಯವರಿಗೂ ಬಸ್ಸಿನವರಿಗೂ ತಿಳಿಸಿ, ಹಾಳೆಯಲ್ಲಿ ಅವರ ಸಾಲಿನ ಮೇಲೆ ಗೆರೆ ಎಳೆಯಿರಿ. ಪ್ಲಾಟ್‌ಫಾರ್ಮಿನಲ್ಲಿ ಜನರನ್ನು ಎಣಿಸುವುದು ಆ ಹಾಳೆಯಿಂದಲೇ.